ಬಂಡೆ ಮೇಲಿಂದ ಅಡ್ಡಕ್ಕೆ ಎಸೆದ ಕಲ್ಲು: 2.04 ಸೆಕೆಂಡಾ, 3.03 ಸೆಕೆಂಡಾ?

ಲೆಕ್ಕ ಇಷ್ಟೇ. 45 ಮೀಟರ್ ಎತ್ತರದ ಕಡಿದಾದ ಬಂಡೆ, ಅದರ ಅಂಚಲ್ಲಿ ನಿಂತು ಒಂದು ಕಲ್ಲನ್ನ ಮೇಲಕ್ಕೂ ಅಲ್ಲ ಕೆಳಕ್ಕೂ ಅಲ್ಲ, ನೇರ ಅಡ್ಡಕ್ಕೆ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಎಸೀತಾರೆ. ಕೆಳಗಡೆ ನೆಲ ಸಮತಟ್ಟು. ಕಲ್ಲು ಎಷ್ಟು ಹೊತ್ತಿಗೆ ಬೀಳತ್ತೆ, ಬಂಡೆ ಬುಡದಿಂದ ಎಷ್ಟು ದೂರಕ್ಕೆ ಬೀಳತ್ತೆ, ನೆಲಕ್ಕೆ ಬಡಿಯೋವಾಗ ವೇಗ ಎಷ್ಟು, ಯಾವ ಕೋನದಲ್ಲಿ. ಗಾಳಿ ಲೆಕ್ಕಕ್ಕಿಲ್ಲ, g = 9.8.

ನನ್ನ ಹತ್ರ ಪಾಠಕ್ಕೆ ಬರ್ತಿದ್ದ ಒಬ್ಬ ಹುಡುಗ ಇದನ್ನ ಬಿಡಿಸಿ ತಂದಿದ್ದ. ಟೈಮ್ 2.04 ಸೆಕೆಂಡು, ದೂರ 24.5 ಮೀಟರ್, ವೇಗ ಸೆಕೆಂಡಿಗೆ 34.2 ಮೀಟರ್. ಮೂರೂ ತಪ್ಪು. ಆದ್ರೆ ಆ ತಪ್ಪು ಎಷ್ಟು ಚೆನ್ನಾಗಿತ್ತು ಅಂದ್ರೆ ನಾನು ಅದನ್ನ ಇವತ್ತಿಗೂ ಬೇರೆಯವರಿಗೆ ಪಾಠ ಮಾಡೋವಾಗ ಬಳಸ್ತೀನಿ, ಯಾಕಂದ್ರೆ ಕ್ಯಾಲ್ಕುಲೇಟರ್ ಒತ್ತೋದ್ರಲ್ಲಿ ಅವನು ಎಲ್ಲೂ ಎಡವಿರ್ಲಿಲ್ಲ, ಫಾರ್ಮುಲಾನೂ ಸರಿಯಾದದ್ದೇ ಹಾಕಿದ್ದ, ಒಂದೇ ಒಂದು ನಂಬರನ್ನ ತಪ್ಪು ಜಾಗದಲ್ಲಿ ಇಟ್ಟಿದ್ದ ಅಷ್ಟೇ.

ಅವನು ಬರೆದಿದ್ದು ಹೀಗೆ:

45 = 12t + 4.9t²

ಇದರಿಂದ t = 2.04. ಆಮೇಲೆ ದೂರಕ್ಕೆ 12 × 2.04 = 24.5. ನಾನು ಏನೂ ಹೇಳ್ದೆ ಒಂದು ಪ್ರಶ್ನೆ ಕೇಳ್ದೆ: ಅದೇ ಬಂಡೆ ಮೇಲಿಂದ ಕಲ್ಲನ್ನ ಎಸೀದೇ ಸುಮ್ನೆ ಕೈ ಬಿಟ್ಟರೆ ಎಷ್ಟು ಹೊತ್ತು? ಅಲ್ಲೇ ಲೆಕ್ಕ ಮಾಡ್ದ, 45 = 4.9t², t = 3.03. "ಹಾಗಾದ್ರೆ ಅಡ್ಡಕ್ಕೆ ಎಸೆದ ಕಲ್ಲು ಒಂದು ಸೆಕೆಂಡ್ ಬೇಗ ಬಿತ್ತಲ್ಲ, ಅದನ್ನ ಕೆಳಕ್ಕೆ ತಳ್ಳಿದ್ದು ಯಾರು?" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಯಾರೂ ಇಲ್ಲ ಸರ್" ಅಂದ.

ಎಲ್ಲಾ ಇರೋದು ಅಲ್ಲೇ. ಅವನ ಸಮೀಕರಣದಲ್ಲಿ 45 ಅನ್ನೋದು ಕೆಳಮುಖದ ದೂರ, 4.9t² ಅನ್ನೋದು ಗುರುತ್ವಾಕರ್ಷಣೆ ಕೆಳಕ್ಕೆ ಎಳೆಯೋದು, ಅವುಗಳ ಮಧ್ಯೆ ಅಡ್ಡಕ್ಕೆ ಹೋಗೋ 12 ಬಂದು ಕೂತ್ಕೊಂಡಿದೆ. ಆ 12 ಕಲ್ಲನ್ನ ಬಂಡೆಯಿಂದ ದೂರ ಒಯ್ಯತ್ತೆ, ನೆಲದ ಕಡೆಗೆ ಒಂದು ಮಿಲಿಮೀಟರ್ ಕೂಡ ಒಯ್ಯಲ್ಲ. ಕೈಯಿಂದ ಬಿಟ್ಟ ಕ್ಷಣದಲ್ಲಿ ಕೆಳಮುಖ ವೇಗ ಸೊನ್ನೆ, ಕೈ ಬಿಟ್ಟ ಕಲ್ಲಿಗೂ ಸೊನ್ನೆ, ಎಸೆದ ಕಲ್ಲಿಗೂ ಸೊನ್ನೆ, ಇಬ್ಬರಿಗೂ ಎಳೆತ ಅದೇ 9.8, ಆದ್ರಿಂದ ಎರಡೂ ಒಟ್ಟಿಗೇ ನೆಲ ಮುಟ್ಟಬೇಕು. ಇದನ್ನ ಗೆಲಿಲಿಯೊ 1638ರಲ್ಲಿ ಪ್ರಿಂಟ್ ಆದ ತನ್ನ ಪುಸ್ತಕದಲ್ಲೇ ಹೇಳಿದಾನೆ: ಅಡ್ಡ ಚಲನೆ ಒಂದೇ ಸಮ ಸಾಗತ್ತೆ, ಬೀಳೋ ಚಲನೆ ಹೆಚ್ಚುತ್ತಾ ಹೋಗತ್ತೆ, ಎರಡೂ ಒಂದನ್ನೊಂದು ಕೆಡಿಸಲ್ಲ, ಎರಡೂ ಸೇರಿದ್ರೆ ದಾರಿ ಪ್ಯಾರಾಬೋಲಾ ಆಗತ್ತೆ ಅಂತ.

ಹಾಗಾಗಿ ನಾನು ಪೇಪರ್ ಮಧ್ಯೆ ಒಂದು ಗೆರೆ ಎಳೆಸ್ತೀನಿ. ಎಡಗಡೆ ಅಡ್ಡದ್ದು, ಬಲಗಡೆ ಕೆಳಗಿನದ್ದು. 12 ಎಡಗಡೆ ಮಾತ್ರ, 45 ಮತ್ತು 9.8 ಬಲಗಡೆ ಮಾತ್ರ. ಗೆರೆ ದಾಟಿ ಹೋಗೋಕೆ ಪರ್ಮಿಷನ್ ಇರೋದು ಒಂದಕ್ಕೇ, t. ಯಾಕಂದ್ರೆ ಕಲ್ಲು ಒಂದೇ, ಗಡಿಯಾರ ಒಂದೇ. ಅವನ ಪೇಪರ್‌ನಲ್ಲಿ 12 ಗೆರೆ ದಾಟಿತ್ತು.

ಈಗ ಸರಿಯಾಗಿ ಮಾಡೋಣ. ಬಲಗಡೆಯಿಂದಾನೇ ಶುರು ಮಾಡ್ಬೇಕು, ಎಡಗಡೆ ಎಷ್ಟು ದೂರ ಅಂತಾನೂ ಗೊತ್ತಿಲ್ಲ ಎಷ್ಟು ಹೊತ್ತು ಅಂತಾನೂ ಗೊತ್ತಿಲ್ಲ, ಅಲ್ಲಿ ನಿಂತ್ರೆ ಏನೂ ಸಿಗಲ್ಲ.

45 = ½ × 9.8 × t²
t² = 90 / 9.8 = 9.18
t = 3.03 ಸೆಕೆಂಡ್

ಈ t ತಗೊಂಡು ಗೆರೆ ದಾಟಿ ಎಡಗಡೆಗೆ ಬಂದ್ರೆ ಅಡ್ಡಕ್ಕೆ ಯಾವ ಎಳೆತಾನೂ ಇಲ್ಲ, 12 ಕೊನೆವರೆಗೂ 12, ದೂರ = 12 × 3.03 = 36.4 ಮೀಟರ್. ವಾಪಸ್ ಬಲಗಡೆಗೆ ಹೋದ್ರೆ ನೆಲ ಮುಟ್ಟೋವಾಗ ಕೆಳಮುಖ ವೇಗ = 9.8 × 3.03 = 29.7. ಎರಡು ವೇಗ ಒಂದಕ್ಕೊಂದು ಲಂಬವಾಗಿರೋದ್ರಿಂದ ಪೈಥಾಗೊರಸ್:

v = √(12² + 29.7²) = √1026 = 32.0

ಸೆಕೆಂಡಿಗೆ 32 ಮೀಟರ್, ಅಂದ್ರೆ ಗಂಟೆಗೆ ಸುಮಾರು 115 ಕಿಲೋಮೀಟರ್. ಸುಮ್ನೆ 12 ಮತ್ತು 29.7 ಕೂಡಿಸಿ 41.7 ಅನ್ನೋರು ಇದಾರೆ, ಎರಡೂ ಒಂದೇ ದಿಕ್ಕಲ್ಲಿದ್ದಿದ್ರೆ ಮಾತ್ರ ಅದು ಸರಿ. ಇನ್ನು ಕೆಲವರು "ನೆಲಕ್ಕೆ ಬಿದ್ದ ಮೇಲೆ ಕಲ್ಲು ನಿಲ್ಲತ್ತಲ್ಲ, ಅದಕ್ಕೆ ಕೊನೆ ವೇಗ ಸೊನ್ನೆ" ಅಂತ ಬರೀತಾರೆ, ಅವರಿಗೆ ಹೇಳೋದು ಇಷ್ಟೇ, ನಾವು ಕೇಳ್ತಿರೋದು ನೆಲ ಇನ್ನೇನು ತಾಗತ್ತೆ ಅನ್ನೋ ಕ್ಷಣದ ವೇಗ, ನೆಲ ಕಲ್ಲನ್ನ ನಿಲ್ಲಿಸೋ ಕಥೆ ಅದರ ನಂತರದ್ದು, ಅಲ್ಲಿ 9.8 ನಡೆಯಲ್ಲ.

ಫಾರ್ಮುಲಾ ನಂಬದೇ ಇರೋರಿಗೆ ಕೈಲೆಕ್ಕ ಒಂದಿದೆ, ನನಗೆ ತುಂಬಾ ಇಷ್ಟ. ಒಂದನೇ ಸೆಕೆಂಡಲ್ಲಿ ಕಲ್ಲು 4.9 ಮೀಟರ್ ಇಳಿಯತ್ತೆ. ಎರಡನೇ ಸೆಕೆಂಡಲ್ಲಿ ಅದರ ಮೂರು ಪಟ್ಟು, 14.7. ಮೂರನೇದ್ರಲ್ಲಿ ಐದು ಪಟ್ಟು, 24.5. ಈ 1, 3, 5 ಅನ್ನೋ ಬೆಸಸಂಖ್ಯೆ ಸಾಲು ಕೂಡ ಗೆಲಿಲಿಯೊನೇ ಗುರುತಿಸಿದ್ದು. ಕೂಡಿಸಿದ್ರೆ ಮೂರು ಸೆಕೆಂಡಿಗೆ 44.1 ಮೀಟರ್, ಅಷ್ಟರಲ್ಲಿ ಅಡ್ಡಕ್ಕೆ 36 ಮೀಟರ್ ಹೋಗಿದೆ. ನೆಲಕ್ಕೆ ಇನ್ನು 0.9 ಮೀಟರ್ ಬಾಕಿ, ಆ ಹೊತ್ತಿಗೆ ಕೆಳಮುಖ ವೇಗ 29.4, ಅಂದ್ರೆ ಇನ್ನು 0.03 ಸೆಕೆಂಡ್ ಸಾಕು. 3.03 ಬಂತು ನೋಡಿ. ವರ್ಗಮೂಲ ಒತ್ತೋ ಅಗತ್ಯಾನೇ ಬರ್ಲಿಲ್ಲ.

ಈಗ ಹುಡುಗನ ತಪ್ಪು ಉತ್ತರಕ್ಕೆ ವಾಪಸ್ ಬರೋಣ, ಯಾಕಂದ್ರೆ ಅದರೊಳಗೆ ಒಂದು ಮಜಾ ಇದೆ. ಅವನು t = 2.04 ಇಟ್ಕೊಂಡು ಕೆಳಮುಖ ವೇಗ ಲೆಕ್ಕ ಮಾಡಿದ್ದ: 12 + 9.8 × 2.04 = 32.0. ಆಮೇಲೆ ಅದಕ್ಕೆ ಅಡ್ಡ 12 ಸೇರಿಸಿ √(32.0² + 12²) = 34.2 ಅಂದಿದ್ದ. ಮಧ್ಯದಲ್ಲಿ ಬಂದಿರೋ ಆ 32.0 ಏನು? ನಮ್ಮ ಸರಿಯಾದ ಕೊನೆ ಉತ್ತರ! ಅವನು ಅಲ್ಲೇ ಪೆನ್ ಕೆಳಗಿಟ್ಟಿದ್ರೆ ವೇಗಕ್ಕೆ ಮಾರ್ಕ್ ಬಿದ್ದುಬಿಡ್ತಿತ್ತು, ತಪ್ಪು ದಾರೀಲಿ ಸರಿ ಊರು ಸೇರಿದ ಹಾಗೆ.

ಇದು ಆಕಸ್ಮಿಕ ಅಲ್ಲ. ಅವನು ಬರೆದ ಸಮೀಕರಣ ಬೇರೆ ಒಂದು ಪ್ರಶ್ನೆಗೆ ಸರಿಯಾದ ಸಮೀಕರಣ: ಅದೇ ಬಂಡೆಯಿಂದ ಕಲ್ಲನ್ನ ನೇರ ಕೆಳಕ್ಕೆ 12ರ ವೇಗದಲ್ಲಿ ಎಸೆದ್ರೆ ಏನಾಗತ್ತೆ ಅನ್ನೋದಕ್ಕೆ. ಆ ಕಲ್ಲು ನಿಜವಾಗ್ಲೂ 2.04 ಸೆಕೆಂಡಲ್ಲಿ 32ರ ವೇಗದಲ್ಲಿ ಬೀಳತ್ತೆ. ಅಡ್ಡ ಎಸೆದ ಕಲ್ಲು ಒಂದು ಸೆಕೆಂಡ್ ತಡವಾಗಿ ಬಂದ್ರೂ ಅದೇ 32ರಲ್ಲೇ ಬಡಿಯತ್ತೆ. ಶಕ್ತಿ ಕಡೆಯಿಂದ ನೋಡಿದ್ರೆ ಇದು ಅರ್ಥ ಆಗತ್ತೆ: ಎರಡೂ ಕಲ್ಲು ಕೈ ಬಿಡೋವಾಗ ಸ್ಪೀಡ್ 12, ಎರಡೂ ಇಳಿದಿದ್ದು 45 ಮೀಟರ್, ಗುರುತ್ವಾಕರ್ಷಣೆ ಕೊಡೋ ಶಕ್ತಿ ಎಷ್ಟು ಎತ್ತರ ಇಳಿದ್ರಿ ಅನ್ನೋದನ್ನ ಮಾತ್ರ ನೋಡತ್ತೆ, ಯಾವ ದಾರೀಲಿ ಬಂದ್ರಿ, ಎಷ್ಟು ಹೊತ್ತು ತಗೊಂಡ್ರಿ ಕೇಳಲ್ಲ.

v² = 12² + 2 × 9.8 × 45 = 144 + 882 = 1026

ಅದೇ 1026. ಇದರಲ್ಲಿ t ಇಲ್ವೇ ಇಲ್ಲ, ದಿಕ್ಕೂ ಇಲ್ಲ, ಕಲ್ಲಿನ ತೂಕಾನೂ ಇಲ್ಲ. ಹಾಗಾಗಿ ಟೈಮ್ ತಪ್ಪಾಗಿದ್ರೂ ವೇಗವನ್ನ ಬೇರೆ ದಾರೀಲಿ ಚೆಕ್ ಮಾಡ್ಬಹುದು, ನಾನಂತೂ ಪ್ರತಿ ಸಲ ಮಾಡ್ತೀನಿ, ಎರಡು ದಾರೀಲೂ ಒಂದೇ ನಂಬರ್ ಬರ್ಲಿಲ್ಲ ಅಂದ್ರೆ 12 ಎಲ್ಲೋ ಗೆರೆ ದಾಟಿದೆ ಅಂತ ಅರ್ಥ. ಆದ್ರೆ ಈ ದಾರಿ ಕೊಡೋದು ಸ್ಪೀಡ್ ಮಾತ್ರ, ಕೋನ ಕೊಡಲ್ಲ. ಕೋನಕ್ಕೆ ಎರಡು ವೇಗಗಳೂ ಬೇಕೇ ಬೇಕು.

ಕೋನದಲ್ಲೇ ಹುಡುಗ ಎರಡನೇ ಸಲ ಎಡವಿದ್ದು. ಟೈಮು, ದೂರ ಸರಿ ಮಾಡ್ಕೊಂಡು ಬಂದ, ಚಿತ್ರಾನೂ ಚೆನ್ನಾಗಿ ಬರೆದಿದ್ದ, ಬಂಡೆ ತುದಿಯಿಂದ ಕಲ್ಲು ಬಿದ್ದ ಜಾಗಕ್ಕೆ ನೇರ ಗೆರೆ ಎಳೆದು, ಎತ್ತರ 45, ಅಡ್ಡ 36.4, tan θ = 45/36.4, θ = 51 ಡಿಗ್ರಿ ಅಂದ. ಇದು ಕಲ್ಲು ಎಲ್ಲಿ ಬಿತ್ತು ಅಂತ ಬಂಡೆ ಮೇಲಿಂದ ನೋಡೋ ನೋಟದ ಕೋನ. ಕಲ್ಲು ಆ ನೇರ ಗೆರೆ ಮೇಲೆ ಬರಲೇ ಇಲ್ಲ, ಅದು ಶುರುವಿನಲ್ಲಿ ಮಟ್ಟಸವಾಗಿ ಹೊರಟು ಬರ್ತಾ ಬರ್ತಾ ಕಡಿದಾಗಿ ಬಾಗಿದೆ, ಹಾಗಾಗಿ ಕೊನೇಲಿ ಅದು ನೆಲಕ್ಕೆ ನುಗ್ಗೋ ಕೋನ ಆ ಗೆರೆಗಿಂತ ಕಡಿದಾಗಿರ್ಲೇಬೇಕು. ವೇಗಗಳಿಂದ ತೆಗೆದ್ರೆ tan θ = 29.7/12 = 2.475, θ = 68 ಡಿಗ್ರಿ, ನೆಲದ ಮಟ್ಟದಿಂದ ಕೆಳಕ್ಕೆ ಅಳೆದಿದ್ದು.

ಈ 2.475 ಅನ್ನೋದು 45/36.4ರ ಸರಿಯಾಗಿ ಎರಡು ಪಟ್ಟು, ಗಮನಿಸಿ. ಅಡ್ಡಕ್ಕೆ ಎಸೆದ ಯಾವ ಕಲ್ಲಿಗಾದ್ರೂ ಹೀಗೇ ಬರತ್ತೆ, ಯಾಕಂದ್ರೆ ಸೊನ್ನೆಯಿಂದ ಶುರುವಾದ ಕೆಳಮುಖ ವೇಗ ಒಂದೇ ಸಮ ಏರುತ್ತಾ ಹೋದಾಗ ಕೊನೆ ವೇಗ ಸರಾಸರಿ ವೇಗದ ಎರಡರಷ್ಟು. ನೇರ ಗೆರೆ ತೋರಿಸೋದು ಸರಾಸರಿಯನ್ನ, ಬಡಿತ ತೋರಿಸೋದು ಕೊನೆಯದನ್ನ. ಚಿತ್ರದಲ್ಲಿ ಚೆಕ್ ಮಾಡ್ಬೇಕಂದ್ರೆ, ಕಲ್ಲು ನೆಲಕ್ಕೆ ನುಗ್ಗೋ ದಿಕ್ಕಲ್ಲಿ ಸ್ಕೇಲ್ ಇಟ್ಟು ಹಿಂದಕ್ಕೆ ಮೇಲಕ್ಕೆ ಗೆರೆ ಎಳೀರಿ, ಅದು ಬಂಡೆ ತುದಿಗೆ ಹೋಗಲ್ಲ, ತುದಿಯ ಮಟ್ಟದಲ್ಲಿ ಅಡ್ಡ ದೂರದ ಅರ್ಧಕ್ಕೆ, ನಮ್ಮ ಲೆಕ್ಕದಲ್ಲಿ 18.2 ಮೀಟರ್ ಹತ್ರ ಹೋಗಿ ಸೇರತ್ತೆ. ಅಲ್ಲಿಗೆ ಸೇರಿಲ್ಲ ಅಂದ್ರೆ ಎಲ್ಲೋ ತಪ್ಪಿದೆ.

ಪೇಪರ್ ಮೇಲಿನ ಲೆಕ್ಕ ಇಲ್ಲಿಗೆ ಮುಗೀತು, ಆದ್ರೆ ನಿಜವಾದ ಕಲ್ಲು ಇದನ್ನ ಎಷ್ಟು ಪಾಲಿಸತ್ತೆ? ಮೊದಲು ಗಾಳಿ ಬಿಟ್ಟು ಬೇರೆ ವಿಷಯ ಹೇಳ್ತೀನಿ. "ಅಡ್ಡಕ್ಕೆ" ಅಂತ ಹೇಳೋದು ಸುಲಭ, ಕೈಯಿಂದ ಎಸೆಯೋವಾಗ ಐದು ಡಿಗ್ರಿ ಮೇಲಕ್ಕೆ ಹೋದ್ರೆ ಯಾರಿಗೂ ಗೊತ್ತಾಗಲ್ಲ. ಆ ಐದು ಡಿಗ್ರಿಗೆ ಶುರುವಿನಲ್ಲಿ ಸುಮಾರು 1.05ರ ಮೇಲ್ಮುಖ ವೇಗ ಸಿಗತ್ತೆ, ಟೈಮ್ 3.14 ಆಗತ್ತೆ, ದೂರ 37.5 ಆಗತ್ತೆ, ಒಂದು ಮೀಟರಿಗಿಂತ ಜಾಸ್ತಿ ಮುಂದೆ. ಬಡಿಯೋ ಸ್ಪೀಡ್ ಮಾತ್ರ ಅದೇ 32, ಮೇಲೆ ಹೇಳಿದ ಶಕ್ತಿ ಲೆಕ್ಕದಿಂದ. ಇನ್ನು ಅಂಚಲ್ಲಿ ನಿಂತೋರ ಕೈ ಬಂಡೆಗಿಂತ ಒಂದೂವರೆ ಮೀಟರ್ ಮೇಲಿರತ್ತೆ, ಹಾಗಾದ್ರೆ ಎತ್ತರ 45 ಅಲ್ಲ 46.5, ಟೈಮಿಗೆ 0.05 ಸೆಕೆಂಡ್, ದೂರಕ್ಕೆ 0.6 ಮೀಟರ್ ಸೇರತ್ತೆ. ಎತ್ತರದ ತಪ್ಪು ಟೈಮಲ್ಲಿ ಅರ್ಧದಷ್ಟೇ ಕಾಣ್ಸತ್ತೆ ಯಾಕಂದ್ರೆ ವರ್ಗಮೂಲ ಇದೆ, ಆದ್ರೆ ಎಸೆತದ ವೇಗದಲ್ಲಿ ಹತ್ತು ಪರ್ಸೆಂಟ್ ತಪ್ಪಿದ್ರೆ ದೂರದಲ್ಲೂ ಪೂರ್ತಿ ಹತ್ತು ಪರ್ಸೆಂಟ್ ತಪ್ಪತ್ತೆ.

ಉಲ್ಟಾ ಲೆಕ್ಕ ಮಾಡೋರಿಗೆ ಇನ್ನೊಂದು ಮಾತು, ಅಂದ್ರೆ ಕಲ್ಲು ಬಿದ್ದ ಸದ್ದು ಕೇಳಿ ಟೈಮ್ ಹಿಡಿದು ಎತ್ತರ ಕಂಡುಹಿಡಿಯೋಕೆ ಹೋಗೋರಿಗೆ. ಬಿದ್ದ ಜಾಗದಿಂದ ಎಸೆದವರ ಕಿವಿಗೆ ನೇರ ದೂರ 58 ಮೀಟರ್, ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಅಂದ್ಕೊಂಡ್ರೆ 0.17 ಸೆಕೆಂಡ್ ತಡ. ಅದನ್ನ ಕಳೀದೇ 3.20 ಅಂತ ಹಾಕಿದ್ರೆ ಬಂಡೆ 50 ಮೀಟರ್ ಅಂತ ಬರತ್ತೆ, ಐದು ಮೀಟರ್ ಪುಕ್ಕಟೆ.

ಈಗ ಗಾಳಿ. ಐದು ಸೆಂಟಿಮೀಟರ್ ಅಡ್ಡಳತೆಯ ದುಂಡು ಕಲ್ಲು ಅಂದ್ಕೊಳ್ಳಿ, ತೂಕ ಸುಮಾರು 170 ಗ್ರಾಂ. ಅದು 32ರ ವೇಗದಲ್ಲಿ ಹೋಗೋವಾಗ ಗಾಳಿಯ ತಡೆ ಎಷ್ಟಿರತ್ತೆ ಅಂತ ಗೋಲಕ್ಕಿರೋ ಮಾಮೂಲಿ ತಡೆ ಗುಣಾಂಕ 0.47 ಹಾಕಿ ನೋಡಿದ್ರೆ 0.57 ನ್ಯೂಟನ್ ಬರತ್ತೆ, ಕಲ್ಲಿನ ಭಾರ 1.67 ನ್ಯೂಟನ್. ಅಂದ್ರೆ ಕೊನೇಲಿ ತಡೆ ಭಾರದ ಮೂರನೇ ಒಂದರಷ್ಟು! "ಗಾಳಿ ಲೆಕ್ಕಕ್ಕಿಲ್ಲ" ಅನ್ನೋ ಮಾತು ಇಲ್ಲಿ ಅಷ್ಟು ಸಲೀಸಾಗಿ ಹೇಳೋ ಹಾಗಿಲ್ಲ. ಫಾರ್ಮುಲಾದಲ್ಲಿ ಇದನ್ನ ಬಿಡಿಸೋಕೆ ಹೋದ್ರೆ ಕಷ್ಟ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಕಂಪ್ಯೂಟರ್ ಹತ್ರ ಮಾಡಿಸೋದು ಸುಲಭ:

```python
import math
k, g, dt = 0.00325, 9.8, 0.001
x, y, vx, vy, t = 0, 45, 12, 0, 0
while y > 0:
    v = math.hypot(vx, vy)
    vx -= k*v*vx*dt
    vy -= (g + k*v*vy)*dt
    x += vx*dt; y += vy*dt; t += dt
print(t, x, math.hypot(vx, vy), math.degrees(math.atan2(-vy, vx)))
```

ಇಲ್ಲಿ k ಅನ್ನೋದು ಕಲ್ಲಿನ ಗಾತ್ರ, ತೂಕ, ಗಾಳಿಯ ಸಾಂದ್ರತೆ ಎಲ್ಲಾ ಸೇರಿಸಿದ ಒಂದು ನಂಬರ್. ಮೊದಲು k = 0 ಹಾಕಿ ಓಡಿಸಿ, ನಮ್ಮ 3.03, 36.4, 32.0 ಹತ್ತಿರ ಹತ್ತಿರ ವಾಪಸ್ ಬರ್ಬೇಕು, ಬರ್ಲಿಲ್ಲ ಅಂದ್ರೆ ಪ್ರೋಗ್ರಾಂ ಟೈಪ್ ಮಾಡಿದ್ದೇ ತಪ್ಪು. ಆಮೇಲೆ k = 0.00325 ಹಾಕಿದ್ರೆ ಟೈಮ್ ಸುಮಾರು 3.12 ಸೆಕೆಂಡ್, ದೂರ ಸುಮಾರು 34.6 ಮೀಟರ್, ವೇಗ ಸುಮಾರು 29, ಕೋನ 70 ಡಿಗ್ರಿ. ಟೈಮ್ ಬರೀ ಮೂರು ಪರ್ಸೆಂಟ್ ಬದಲಾಯ್ತು, ದೂರ ಐದು ಪರ್ಸೆಂಟ್, ವೇಗ ಒಂಬತ್ತು ಪರ್ಸೆಂಟ್. ಇದಕ್ಕೆ ಕಾರಣ ಇದೆ, ತಡೆ ವೇಗದ ವರ್ಗದ ಹಾಗೆ ಏರತ್ತೆ, ಕಲ್ಲು ತನ್ನ ಟೈಮಿನ ಬಹುಪಾಲು ನಿಧಾನವಾಗಿ ಇರೋವಾಗಲೇ ಕಳೆದಿರತ್ತೆ, ಗಾಳಿಯ ಏಟು ಜಾಸ್ತಿ ಬೀಳೋದು ಕೊನೆಗೆ, ಅಷ್ಟೊತ್ತಿಗೆ ಗಡಿಯಾರ ಬಹುತೇಕ ಓಡಿ ಆಗಿರತ್ತೆ.

ಆ ಪ್ರೋಗ್ರಾಂನಲ್ಲಿ ಇನ್ನೊಂದು ಕಡೆ ಕಣ್ಣಿಡಿ. `vx`ನ ಸಾಲಲ್ಲೂ `v` ಇದೆ, `vy`ನ ಸಾಲಲ್ಲೂ `v` ಇದೆ, ಆ `v` ಎರಡನ್ನೂ ಸೇರಿಸಿ ಮಾಡಿದ್ದು. ಅಂದ್ರೆ ಪೇಪರ್ ಮಧ್ಯೆ ನಾನು ಎಳೆಸಿದ ಗೆರೆ ಇಲ್ಲಿ ಅಳಿಸಿಹೋಯ್ತು! ಗಾಳಿ ಇದ್ದಾಗ ಅಡ್ಡ ವೇಗ ಜಾಸ್ತಿ ಇದ್ರೆ ಕೆಳಮುಖ ತಡೆನೂ ಜಾಸ್ತಿ, ಹಾಗಾಗಿ ಎಸೆದ ಕಲ್ಲು ಕೈ ಬಿಟ್ಟ ಕಲ್ಲಿಗಿಂತ ಚೂರು ತಡವಾಗಿ ಬೀಳತ್ತೆ. ಇದೇ ಕಲ್ಲನ್ನ ಸುಮ್ನೆ ಬಿಟ್ರೆ ಗಾಳಿಯಲ್ಲಿ ಸುಮಾರು 3.10, ಎಸೆದ್ರೆ 3.12. ಎರಡೂ ಒಟ್ಟಿಗೇ ಬೀಳತ್ತೆ ಅನ್ನೋದು ಗಾಳಿ ಇಲ್ಲದ ಲೋಕದ ಪೂರ್ತಿ ಸತ್ಯ, ನಮ್ಮ ಲೋಕದಲ್ಲಿ ಹತ್ತಿರದ ಸತ್ಯ. ಕಲ್ಲಿನ ಬದಲು ಥರ್ಮಾಕೋಲ್ ಉಂಡೆ ಎಸೆದ್ರೆ ಹತ್ತಿರಾನೂ ಅಲ್ಲ, ಅಲ್ಲಿ ಮೇಲಿನ ಮೂರು ಉತ್ತರದಲ್ಲಿ ಒಂದೂ ಉಳಿಯಲ್ಲ.

ಇಷ್ಟೆಲ್ಲಾ ಆದ ಮೇಲೆ ಹುಡುಗನಿಗೆ ಒಂದು ಕೊಟ್ಟೆ: ಅದೇ ಬಂಡೆ, ಗಾಳಿ ಇಲ್ಲ, ಎಸೆತ ಮಾತ್ರ 12 ಅಲ್ಲ 24. ಪೆನ್ ಮುಟ್ಟೋ ಮೊದಲೇ "ಟೈಮ್ ಅದೇ 3.03, ದೂರ ಡಬಲ್" ಅಂದ. ದೂರ 72.7. ವೇಗಾನೂ ಡಬಲ್ ಅಂತ ಬಾಯಿಗೆ ಬಂದಿತ್ತು ಅನ್ಸತ್ತೆ, ತಡೆದು ಲೆಕ್ಕ ಮಾಡ್ದ, √(576 + 882) = 38.2, ಎಸೆತ ಎರಡು ಪಟ್ಟಾದ್ರೂ ಬಡಿತ 32ರಿಂದ 38ಕ್ಕೆ ಏರಿದ್ದಷ್ಟೇ, ಯಾಕಂದ್ರೆ ಆ 1026ರಲ್ಲಿ 882 ಎತ್ತರದ ಪಾಲು, ಎಸೆತದ ಪಾಲು ಬರೀ 144 ಇತ್ತು. ಕೊನೆಗೆ ಕೋನ, 29.7/24 = 1.24, 51 ಡಿಗ್ರಿ. ನಂಬರ್ ನೋಡಿ ತಲೆ ಎತ್ತಿದ, "ಸರ್ ಇದು ನಾನು ಆವತ್ತು ತಪ್ಪಾಗಿ ಬರೆದಿದ್ದ ಕೋನ ಅಲ್ವಾ" ಅಂತ. ಹೌದು, ಅದೇ. ಯಾಕೆ ಅಂತ ಕೇಳ್ದೆ. ಎರಡು ನಿಮಿಷ ಹಳೇ ಚಿತ್ರದ ನೇರ ಗೆರೆ ನೋಡ್ತಾ ಕೂತು, ಅಡ್ಡ ವೇಗ ಡಬಲ್ ಆದಾಗ ಕೋನದ tan ಅರ್ಧ ಆಗತ್ತೆ, ನೋಟದ ಗೆರೆಯ tan ಮೊದಲೇ ಅರ್ಧ ಇತ್ತು ಅಂತ ಅವನೇ ಹೇಳ್ದ.